ಚಳಿಗೆ ಬೆರಳು ಬೆಳ್ಳಗೆ, ಆಮೇಲೆ ನೀಲಿ, ಬೆಚ್ಚಗಾದ್ರೆ ಕೆಂಪು: ಏನಿದು, ಯಾವಾಗ ಹೆದರಬೇಕು

ಪುಣೆಯಲ್ಲಿ ಡಿಸೆಂಬರ್ ಜನವರಿ ಬೆಳಗ್ಗೆ ಟೆಂಪರೇಚರ್ 10 ಡಿಗ್ರಿ ಆಸುಪಾಸಿಗೆ ಇಳಿಯತ್ತೆ, ಕೆಲವು ದಿನ ಅದಕ್ಕಿಂತ ಕೆಳಗೂ ಹೋಗತ್ತೆ. ಆ ಹೊತ್ತಲ್ಲಿ ಸ್ಕೂಟರ್ ಮೇಲೆ ಆಫೀಸಿಗೆ ಹೊರಟವರಲ್ಲಿ ಕೆಲವರಿಗೆ ಮೊದಲು ಒಂದು ಬೆರಳಿನ ತುದಿ ಬೆಳ್ಳಗಾಗತ್ತೆ, ಆಮೇಲೆ ಪಕ್ಕದ್ದು, ಆಮೇಲೆ ಇನ್ನೊಂದು ಕೈದು, ಮರಗಟ್ಟಿ ಬ್ರೇಕ್ ಹಿಡಿದಿದ್ದೀವೋ ಇಲ್ವೋ ಅನ್ನೋದೂ ಗೊತ್ತಾಗಲ್ಲ. ಸ್ವಲ್ಪ ಹೊತ್ತಿಗೆ ನೀಲಿ ತಿರುಗತ್ತೆ. ಆಫೀಸಿಗೆ ಹೋಗಿ ಕೈ ಬೆಚ್ಚಗಾದ್ಮೇಲೆ ಕೆಂಪಾಗಿ ಉರಿಯೋಕೆ, ಪಟಪಟ ಮಿಡಿಯೋಕೆ ಶುರು. ಅರ್ಧ ಗಂಟೆ ಕಳೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೈ ಮಾಮೂಲಿ. ಇದಕ್ಕೆ ಡಾಕ್ಟರ್‌ಗಳು ರೇನಾಡ್ಸ್ ಅಂತಾರೆ. ಮಾರಿಸ್ ರೇನೋ ಅನ್ನೋ ಫ್ರೆಂಚ್ ವೈದ್ಯ 1862ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಪ್ರಬಂಧದಲ್ಲಿ ಇದನ್ನ ಬರೆದಿದ್ದ, ಅವನ ಹೆಸರೇ ಉಳ್ಕೊಂಡಿದೆ.

ನಾನು ಪುಣೆಯಲ್ಲಿ ಪ್ರಾಕ್ಟೀಸ್ ಮಾಡೋ ಫಿಸಿಶಿಯನ್, ಕನ್ನಡ ಮಾತಾಡೋ ಡಾಕ್ಟರ್ ಅಂತ ಗೊತ್ತಾಗಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯವರು ತುಂಬ ಜನ ಬರ್ತಾರೆ, ಹಾಗಾಗಿ ಈ ಪ್ರಶ್ನೆ ಪ್ರತಿ ಚಳಿಗಾಲದಲ್ಲೂ ಒಂದಿಷ್ಟು ಬಾಯಿಂದ ಕೇಳೇ ಕೇಳ್ತೀನಿ. ಅರ್ಧ ಜನ "ಸರ್, ರಕ್ತ ಕಮ್ಮಿ ಆಗಿದೆ ಅಲ್ವಾ, ಟಾನಿಕ್ ಬರೀರಿ" ಅಂತಾರೆ, ಇನ್ನರ್ಧ ಜನ ರಾತ್ರಿಯೆಲ್ಲಾ ಮೊಬೈಲಲ್ಲಿ ಓದಿ ಏನೋ ಭಯಂಕರ ರೋಗ ಬಂದಿದೆ ಅಂತ ಅಳೋ ಸ್ಥಿತಿಗೆ ಬಂದಿರ್ತಾರೆ. ಎರಡೂ ಸಾಮಾನ್ಯವಾಗಿ ತಪ್ಪು. ಬೆರಳು ಬೆಳ್ಳಗಾಗೋದು ರಕ್ತ ಕಮ್ಮಿ ಇರೋದ್ರಿಂದ ಅಲ್ಲ, ಇರೋ ರಕ್ತ ಬೆರಳಿಗೆ ಬರೋ ದಾರಿ ಕೆಲ ಹೊತ್ತು ಮುಚ್ಚಿಕೊಳ್ಳೋದ್ರಿಂದ.

ದಾರಿ ಯಾಕೆ ಮುಚ್ಚತ್ತೆ ಅನ್ನೋದನ್ನ ಮೊದಲು ಸರಿಯಾಗಿ ತಿಳ್ಕೊಂಡ್ರೆ ಕೈ ಕಾಪಾಡೋದು ಹೇಗೆ ಅನ್ನೋದು ತಾನಾಗೇ ಅರ್ಥ ಆಗತ್ತೆ. ಬೆರಳಿಗೆ ಬರೋ ರಕ್ತದಲ್ಲಿ ಬೆರಳಿನ ಸ್ವಂತ ಹೊಟ್ಟೆಪಾಡಿಗೆ ಬೇಕಾಗೋದು ತುಂಬ ಕಮ್ಮಿ, ಉಳಿದದ್ದೆಲ್ಲಾ ಮೈಯ ಶಾಖವನ್ನ ಹೊರಗೆ ಬಿಡೋಕೆ ಅಂತಲೇ ಬರೋದು. ಅದಕ್ಕೇ ಬೆರಳ ತುದಿ, ಕಾಲ್ಬೆರಳು, ಮೂಗಿನ ತುದಿ, ಕಿವಿ ಈ ಜಾಗಗಳಲ್ಲಿ ರಕ್ತನಾಳಗಳ ವ್ಯವಸ್ಥೆಯೇ ಬೇರೆ, ಸೆಖೆ ಆದಾಗ ಪೂರ್ತಿ ತೆಗೆದು ಚಳಿ ಆದಾಗ ಪೂರ್ತಿ ಮುಚ್ಚೋ ಹಾಗೆ ಇರತ್ತೆ. ಸೊಸೈಟಿಯಲ್ಲಿ ನೀರು ಕಮ್ಮಿ ಬಂದ ದಿನ ವಾಚ್‌ಮನ್ ಮೊದಲು ಗಾರ್ಡನ್ನಿನ ನಲ್ಲಿ ಬಂದ್ ಮಾಡಿ ಮನೆಗಳಿಗೆ ನೀರು ಉಳಿಸ್ತಾನಲ್ಲ, ಮೈ ಕೂಡ ಅದನ್ನೇ ಮಾಡತ್ತೆ, ಹೃದಯ ಮೆದುಳಿಗೆ ಶಾಖ ಉಳಿಸೋಕೆ ಮೊದಲು ಬೆರಳಿನ ನಲ್ಲಿ ಬಂದ್. ಇದು ಎಲ್ಲರಲ್ಲೂ ಆಗತ್ತೆ, ಚಳಿಗೆ ಎಲ್ಲರ ಕೈಯೂ ತಣ್ಣಗಾಗತ್ತೆ. ರೇನಾಡ್ಸ್ ಇರೋರಲ್ಲಿ ಮಾತ್ರ ಅದು ಅತಿಯಾಗತ್ತೆ, ಸಣ್ಣ ಚಳಿಗೇ ನಾಳ ಪೂರ್ತಿ ಬಿಗಿದುಕೊಳ್ಳತ್ತೆ, ಬೇಗ ಬಿಡೋದೂ ಇಲ್ಲ.

ತಪ್ಪು ಎಲ್ಲಿ ಅನ್ನೋದ್ರ ಬಗ್ಗೆ ಹಳೇ ಜಗಳ ಒಂದಿದೆ. ರೇನೋ ಹೇಳಿದ್ದು ನರಗಳದ್ದು ತಪ್ಪು, ಅವೇ ಅತಿಯಾಗಿ ಸಿಗ್ನಲ್ ಕಳಿಸ್ತಾವೆ ಅಂತ. 1929ರ ಹೊತ್ತಿಗೆ ಇಂಗ್ಲೆಂಡಿನ ಥಾಮಸ್ ಲೂಯಿಸ್ ಅನ್ನೋರು ಇಲ್ಲ, ತೊಂದರೆ ಬೆರಳಿನ ನಾಳದಲ್ಲೇ ಇದೆ ಅಂದ್ರು. ಈಗ ನೋಡಿದ್ರೆ ಇಬ್ಬರದ್ದೂ ಅಷ್ಟಷ್ಟು ಸರಿ. ನಾಳದ ಗೋಡೆಯ ಸ್ನಾಯುವಿನಲ್ಲಿ ಆಲ್ಫಾ-2ಸಿ ಅನ್ನೋ ಒಂದು ರಿಸೆಪ್ಟರ್ ಇದೆ, ಬೆಚ್ಚಗಿರುವಾಗ ಅದು ಜೀವಕೋಶದ ಒಳಗೆ ಸುಮ್ಮನೆ ಇರತ್ತೆ, ಚರ್ಮ ತಣ್ಣಗಾದ ಕೂಡಲೇ ಮೇಲ್ಮೈಗೆ ಬರತ್ತೆ, ಬಂದು ನರಗಳು ಕಳಿಸೋ ಬಿಗಿ ಅನ್ನೋ ಸಿಗ್ನಲ್ಲನ್ನ ಜಾಸ್ತಿ ಜಾಸ್ತಿ ಹಿಡಿಯತ್ತೆ. ಆ ಸಿಗ್ನಲ್ ಕಳಿಸೋ ನರಗಳು ಟೆನ್ಷನ್ ಆದಾಗಲೂ ಕೆಲಸ ಮಾಡೋ ನರಗಳೇ. ಅದಕ್ಕೇ ಇಂಟರ್‌ವ್ಯೂ ಮುಂದೆ, ಪರೀಕ್ಷೆ ಹಾಲಿನಲ್ಲಿ, ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದಾಗ ಸಹ ಕೆಲವರ ಬೆರಳು ಬೆಳ್ಳಗಾಗತ್ತೆ, ಅದು ನಾಟಕ ಅಲ್ಲ.

ಬಣ್ಣದ ಲೆಕ್ಕ ಈಗ ಸುಲಭ. ನಾಳ ಬಿಗಿದಾಗ ರಕ್ತ ಇಲ್ಲ, ಬೆರಳು ಬಿಳಿ. ಒಳಗೆ ಉಳಿದ ಚೂರುಪಾರು ರಕ್ತ ಅಲ್ಲೇ ನಿಂತು, ಅದರ ಆಕ್ಸಿಜನ್ ಖರ್ಚಾಗಿ ಹೋದಾಗ ನೀಲಿ. ಬಿಗಿ ಬಿಟ್ಟಾಗ ಕಾದಿದ್ದ ರಕ್ತ ಒಮ್ಮೆಲೇ ನುಗ್ಗತ್ತೆ, ಆಗ ಕೆಂಪು, ಉರಿ, ಚುಚ್ಚಿದ ಹಾಗೆ ನೋವು. ಬಹಳ ಜನಕ್ಕೆ ಬಿಳಿ ಇರುವಾಗ ನೋವಿಗಿಂತ ಮರಗಟ್ಟೋದೇ ಜಾಸ್ತಿ, ಕೆಂಪಾಗುವಾಗ್ಲೇ ಕಷ್ಟ. ಮೂರೂ ಬಣ್ಣ ಎಲ್ಲರಲ್ಲೂ ಬರಲೇಬೇಕು ಅಂತಿಲ್ಲ, ಎರಡು ಬಂದ್ರೂ ಸಾಕು ನಾವು ಅನುಮಾನ ಪಡೋಕೆ. ನಮ್ಮ ಮೈಬಣ್ಣದಲ್ಲಿ ಇನ್ನೊಂದು ತೊಂದರೆ, ಪುಸ್ತಕದ ಫೋಟೋದಲ್ಲಿ ಕಾಣೋ ಹಾಲಿನಂಥ ಬಿಳಿ ಕಪ್ಪು ಚರ್ಮದಲ್ಲಿ ಕಾಣಲ್ಲ, ಬೂದಿಬಣ್ಣ ಅಥವಾ ಕಳೆಗುಂದಿದ ಹಳದಿ ಥರ ಕಾಣತ್ತೆ, ನೀಲಿಯಂತೂ ಗೊತ್ತೇ ಆಗಲ್ಲ ಕೆಲವರಲ್ಲಿ. ಹಾಗಾಗಿ ಕೈ ಹಿಂಭಾಗ ನೋಡಬೇಡಿ, ಅಂಗೈ ಕಡೆಯಿಂದ ಬೆರಳು ನೋಡಿ, ಉಗುರಿನ ಕೆಳಗಿನ ಬಣ್ಣ ನೋಡಿ. ಬೆಳ್ಳಗಾದ ಭಾಗಕ್ಕೂ ಸರಿಯಿರೋ ಭಾಗಕ್ಕೂ ನಡುವೆ ಗೆರೆ ಎಳೆದ ಹಾಗೆ ಗಡಿ ಕಂಡ್ರೆ ಅದು ದೊಡ್ಡ ಸುಳಿವು. ಡಾಕ್ಟರ್ ಹತ್ರ ಹೋಗುವಾಗ ಅದು ಆಗ್ತಾ ಇರಲ್ಲ, ನಮ್ಮ ಕ್ಲಿನಿಕ್ಕಿನ ವೇಟಿಂಗ್ ರೂಮಲ್ಲಿ ಅರ್ಧ ಗಂಟೆ ಕೂತ್ರೆ ಯಾರ ಕೈಯಾದ್ರೂ ಬೆಚ್ಚಗಾಗತ್ತೆ, ಆದ್ದರಿಂದ ಆಗುವಾಗ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ. ಆ ಒಂದು ಫೋಟೋ ಹತ್ತು ಟೆಸ್ಟಿಗಿಂತ ಉಪಯೋಗ. ಬೇಕಂತಲೇ ಐಸ್ ನೀರಲ್ಲಿ ಕೈ ಅದ್ದಿ ಬರಿಸೋಕೆ ಮಾತ್ರ ಹೋಗಬೇಡಿ.

ಈಗ ಒಬ್ಬ ಹುಡುಗಿಯ ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ. ವಯಸ್ಸು 26, ಊರು ಗದಗ ಹತ್ರ, ಕೋಥ್ರೂಡ್‌ನಲ್ಲಿ ಪಿಜಿ, ಕೆಲಸ ಹಿಂಜೇವಾಡಿಯಲ್ಲಿ, ದಿನಾ ಸ್ಕೂಟರ್. ಬಂದು ಕೂತವಳೇ "ಡಾಕ್ಟ್ರ, ಬೆರಳ ಸತ್ತಂಗ ಆಗ್ತಾವ್ರಿ, ಸೂಜಿ ಚುಚ್ಚಿದ್ರೂ ಗೊತ್ತಾಗಂಗಿಲ್ಲ, ಆಮ್ಯಾಲೆ ಉರೀತಾವ" ಅಂದ್ಲು. ಎರಡೂ ಕೈಯಲ್ಲಿ ತೋರುಬೆರಳಿಂದ ಕಿರುಬೆರಳವರೆಗೆ, ಹೆಬ್ಬೆರಳಿಗೆ ಏನೂ ಇಲ್ಲ. ಕಾಲೇಜಿನಲ್ಲಿದ್ದಾಗಿಂದ ಸ್ವಲ್ಪ ಸ್ವಲ್ಪ ಇತ್ತಂತೆ, ಆದ್ರೆ ಈ ವರ್ಷ ವಿಪರೀತ, ಬೆಳಗ್ಗೆ ಸ್ಕೂಟರ್ ಮೇಲೆ ಒಂದು ಸಲ, ಮಧ್ಯಾಹ್ನ ಆಫೀಸ್ ಏಸಿಯಲ್ಲಿ ಇನ್ನೊಂದು ಸಲ. ಅಮ್ಮನಿಗೂ ಚಳಿಗಾಲದಲ್ಲಿ ಹಾಗೇ ಆಗ್ತಿತ್ತಂತೆ. ಬೆರಳ ತುದಿಯಲ್ಲಿ ಹುಣ್ಣಿಲ್ಲ, ಗಾಯದ ಕಲೆ ಇಲ್ಲ, ಚರ್ಮ ಮೆತ್ತಗಿದೆ, ಕೀಲು ನೋವಿಲ್ಲ.

ಇಷ್ಟು ಕೇಳಿದ್ರೇನೇ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ರೇನಾಡ್ಸ್‌ನಲ್ಲಿ ಎರಡು ಜಾತಿ. ಒಂದು ಪ್ರೈಮರಿ, ಅಂದ್ರೆ ಹಿಂದೆ ಯಾವ ರೋಗವೂ ಇಲ್ಲ, ನಾಳಗಳ ಸ್ವಭಾವವೇ ಹಾಗೆ. ಹೆಚ್ಚಾಗಿ 15ರಿಂದ 30ರ ವಯಸ್ಸಲ್ಲಿ ಶುರು, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಎರಡೂ ಕೈಯಲ್ಲಿ ಒಂದೇ ಥರ, ಹೆಬ್ಬೆರಳು ಸಾಮಾನ್ಯವಾಗಿ ಬಿಟ್ಟು, ಮನೆಯಲ್ಲಿ ಇನ್ಯಾರಿಗಾದ್ರೂ ಇರಬಹುದು, ಎಷ್ಟೇ ಕಾಡಿದ್ರೂ ಬೆರಳು ಹಾಳಾಗಲ್ಲ. ಇನ್ನೊಂದು ಸೆಕೆಂಡರಿ, ಅಂದ್ರೆ ಹಿಂದೆ ಇನ್ನೇನೋ ಕಾರಣ ಇದೆ, ಒಂದು ರೋಗವೋ ಒಂದು ಮಾತ್ರೆಯೋ ಮಾಡೋ ಕೆಲಸವೋ. ಬರೋರಲ್ಲಿ ದೊಡ್ಡ ಪಾಲು ಪ್ರೈಮರಿಯೇ.

ಈ ಹುಡುಗಿ ಪ್ರೈಮರಿ ಅಂತ ಹೇಳಿ ಕಳಿಸಬಹುದಿತ್ತು, ಆದ್ರೆ ಈ ವರ್ಷವೇ ಯಾಕೆ ಜಾಸ್ತಿ ಆಯ್ತು? ಚಳಿ ಹೋದ ವರ್ಷಕ್ಕಿಂತ ಏನೂ ಹೆಚ್ಚಿರಲಿಲ್ಲ. ಹಾಗಾಗಿ ಬ್ಯಾಗಲ್ಲಿರೋ ಮಾತ್ರೆ ಎಲ್ಲಾ ಟೇಬಲ್ ಮೇಲಿಡು ಅಂದೆ. ನಾನು ಇದನ್ನ ಎಲ್ಲರಿಗೂ ಹೇಳ್ತೀನಿ, ಯಾಕಂದ್ರೆ ಯಾವ ಮಾತ್ರೆ ತಗೋತೀರಿ ಅಂತ ಕೇಳಿದ್ರೆ ಏನೂ ಇಲ್ಲ ಅನ್ನೋದು ರೂಢಿ. ಅವಳ ಹತ್ರ ಎರಡು ಸ್ಟ್ರಿಪ್ ಇತ್ತು. ಮೈಗ್ರೇನ್ ಬರದ ಹಾಗೆ ದಿನಾ ತಗೊಳ್ಳೋ ಪ್ರೊಪ್ರನೊಲಾಲ್ ಒಂದು, ಆರು ತಿಂಗಳ ಹಿಂದೆ ಬೇರೆ ಕಡೆ ಬರೆದುಕೊಟ್ಟಿದ್ದು. ಇನ್ನೊಂದು ತಲೆನೋವು ಬಂದಾಗ ಮೆಡಿಕಲ್ ಶಾಪಿಂದ ತಾನೇ ತಂದು ನುಂಗೋ ಮಾತ್ರೆ, ಹಿಂದೆ ತಿರುಗಿಸಿ ಓದಿದ್ರೆ ಎರ್ಗೋಟಮಿನ್ ಮತ್ತು ಕೆಫೀನ್. ಇಲ್ಲಿದೆ ವಿಷಯ. ಎರ್ಗೋಟಮಿನ್ ಕೆಲಸವೇ ರಕ್ತನಾಳ ಬಿಗಿಸೋದು, ತಲೆಯ ನಾಳ ಬಿಗಿಸಿ ತಲೆನೋವು ಕಮ್ಮಿ ಮಾಡೋಕೆ ಅಂತ ಕೊಡೋದು, ಅದಕ್ಕೆ ತಲೆ ಯಾವುದು ಬೆರಳು ಯಾವುದು ಅಂತ ಗೊತ್ತಾಗಲ್ಲ. ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್ ಗುಂಪಿನದ್ದು, ಅದೂ ಕೈಕಾಲು ತಣ್ಣಗೆ ಮಾಡತ್ತೆ, ಮೊದಲೇ ರೇನಾಡ್ಸ್ ಇದ್ದವರಿಗೆ ಕೇಳೋದೇ ಬೇಡ. ಮೈಗ್ರೇನ್ ಇರೋರಲ್ಲಿ ರೇನಾಡ್ಸ್ ಸ್ವಲ್ಪ ಜಾಸ್ತಿ ಕಾಣತ್ತೆ, ಹಾಗಾಗಿ ಈ ಜೋಡಿ ಅಪರೂಪ ಅಲ್ಲ.

ಇದನ್ನ ಓದಿ ಯಾರೂ ಇವತ್ತೇ ಪ್ರೊಪ್ರನೊಲಾಲ್ ಬಿಟ್ಟುಬಿಡಬೇಡಿ. ಬೀಟಾ ಬ್ಲಾಕರ್ ಸಡನ್ನಾಗಿ ಬಿಟ್ರೆ ಎದೆ ಬಡಿತ, ಬಿಪಿ ಒಮ್ಮೆಲೇ ಏರತ್ತೆ, ಹೃದಯದ ತೊಂದರೆ ಇರೋರಿಗೆ ಅಪಾಯ. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಿಡಬೇಕು. ಇವಳ ನ್ಯೂರಾಲಜಿಸ್ಟ್ ಹತ್ರ ಮಾತಾಡಿ ನಿಧಾನವಾಗಿ ಬೇರೆ ಗುಂಪಿನ ಮೈಗ್ರೇನ್ ಮಾತ್ರೆಗೆ ಬದಲಾಯಿಸಿದ್ವಿ, ಎರ್ಗೋಟಮಿನ್ ಪೂರ್ತಿ ಬಂದ್. ಮನೆಯಲ್ಲಿ ಅಜ್ಜ ಅಜ್ಜಿ ಬಿಪಿಗೆ ತಗೊಳ್ಳೋ ಅಟೆನೊಲಾಲ್, ಮೆಟೊಪ್ರೊಲಾಲ್ ಕೂಡ ಇದೇ ಗುಂಪು, ಚಳಿಗಾಲದಲ್ಲಿ ಅವರ ಕೈ ಮಂಜುಗಡ್ಡೆ ಆಗ್ತಿದ್ರೆ ಡಾಕ್ಟರ್‌ಗೆ ಒಂದು ಮಾತು ಹೇಳಿ. ನೆಗಡಿಗೆ ಮೂಗು ಬಿಡಿಸೋ ಕೆಲವು ಮಾತ್ರೆಗಳು, ಗಮನ ನಿಲ್ಲದ ಮಕ್ಕಳಿಗೆ ಕೊಡೋ ಮೀಥೈಲ್‌ಫೆನಿಡೇಟ್, ಇವೂ ನಾಳ ಬಿಗಿಸ್ತಾವೆ.

ಅವಳಿಗೆ ಇನ್ನೊಂದು ಪರೀಕ್ಷೆ ಮಾಡಿದೆ, ಸೂಜಿಯಿಲ್ಲದ್ದು. ಉಗುರು ಶುರುವಾಗೋ ಜಾಗದ ಚರ್ಮದ ಮೇಲೆ ಒಂದು ಹನಿ ಎಣ್ಣೆ ಹಾಕಿ ಡರ್ಮಾಟೋಸ್ಕೋಪ್ ಅನ್ನೋ ಲೈಟ್ ಇರೋ ಲೆನ್ಸಿನಲ್ಲಿ ನೋಡೋದು. ಅಲ್ಲಿ ಅತೀ ಸಣ್ಣ ರಕ್ತನಾಳಗಳು ಒಂದರ ಪಕ್ಕ ಒಂದು ಯು ಆಕಾರದಲ್ಲಿ ಸಾಲಾಗಿ ಕಾಣ್ತಾವೆ. ಸಾಲು ನೀಟಾಗಿದ್ರೆ ನಿಶ್ಚಿಂತೆ. ಕೆಲವು ದಪ್ಪಗೆ ಊದಿಕೊಂಡಿದ್ರೆ, ನಡುನಡುವೆ ಸಾಲೇ ಕಾಣೆಯಾಗಿದ್ರೆ, ಚುಕ್ಕಿ ಚುಕ್ಕಿ ರಕ್ತ ಸೋರಿದ್ರೆ, ಆಗ ಹಿಂದೆ ಏನೋ ಇದೆ ಅಂತ ಲೆಕ್ಕ. ಇದರ ಜೊತೆಗೆ ರಕ್ತದಲ್ಲಿ ಎಎನ್ಎ ಅನ್ನೋ ಟೆಸ್ಟ್, ನಮ್ಮ ಮೈ ಮೇಲೇ ತಿರುಗಿಬೀಳೋ ಆಂಟಿಬಾಡಿ ಇದೆಯಾ ಅಂತ ನೋಡೋದು. 2008ರಲ್ಲಿ ಬಂದ ಕೆನಡಾದ ಒಂದು ಅಧ್ಯಯನದಲ್ಲಿ ರೇನಾಡ್ಸ್ ಇರೋ 586 ಜನರನ್ನ ವರ್ಷಗಟ್ಟಲೆ ಗಮನಿಸಿದ್ರು. ಮೊದಲ ಸಲ ನೋಡಿದಾಗ ಉಗುರಿನ ನಾಳಗಳೂ ಸರಿಯಿದ್ದು, ಚರ್ಮ ಗಟ್ಟಿಯಾಗ್ತಾ ಹೋಗೋ ಸ್ಕ್ಲೆರೋಡರ್ಮಾ ಕಾಯಿಲೆಗೆ ಸೇರಿದ ಆಂಟಿಬಾಡಿಗಳೂ ಇಲ್ಲದವರಲ್ಲಿ ಮುಂದೆ ಆ ಕಾಯಿಲೆ ಬಂದದ್ದು ನೂರಕ್ಕೆ ಇಬ್ಬರಿಗಿಂತ ಕಮ್ಮಿ, ಎರಡೂ ಕೆಟ್ಟಿದ್ದವರಲ್ಲಿ ನೂರಕ್ಕೆ ಸುಮಾರು 80. ಅಂದ್ರೆ ಈ ಎರಡು ಪರೀಕ್ಷೆ ಸೇರಿ ಎಷ್ಟೋ ಜನರ ನಿದ್ದೆ ವಾಪಸ್ ಕೊಡತ್ತೆ. ಆದ್ರೆ ಒಂದು ಎಚ್ಚರಿಕೆ, ಎಎನ್ಎ ಒಂದೇ ಸ್ವಲ್ಪ ಪಾಸಿಟಿವ್ ಬಂದ್ರೆ, 1:80 ಅಂತೆಲ್ಲಾ ಬರೆದಿದ್ರೆ, ಆರೋಗ್ಯವಾಗಿರೋ ತುಂಬ ಜನರಲ್ಲೂ ಹಾಗೆ ಬರತ್ತೆ. ಲ್ಯಾಬಿನವರು ದೊಡ್ಡ ಪ್ಯಾಕೇಜ್ ಮಾರ್ತಾರೆ ಅಂತ ನೀವೇ ಹೋಗಿ ಎಲ್ಲಾ ಮಾಡಿಸ್ಕೊಂಡು ರಿಪೋರ್ಟ್ ಹಿಡ್ಕೊಂಡು ಅಳೋದು ಬೇಡ, ಕೈ ನೋಡದೇ ಕಾಗದ ಓದೋದ್ರಲ್ಲಿ ಅರ್ಥ ಇಲ್ಲ. ಹುಡುಗಿಯದ್ದು ಎರಡೂ ಸರಿಯಿತ್ತು, ಥೈರಾಯ್ಡ್ ಕೂಡ ನೋಡಿದ್ವಿ, ಅದೂ ಸರಿ.

ಹಾಗಾದ್ರೆ ಯಾರು ಹೆದರಬೇಕು? 35, 40 ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಶುರುವಾದವರು. ಒಂದೇ ಕೈಯಲ್ಲಿ ಅಥವಾ ಒಂದೇ ಬೆರಳಲ್ಲಿ ಆಗೋರು. ಬೆರಳ ತುದಿಯಲ್ಲಿ ವಾಸಿಯಾಗದ ಹುಣ್ಣು ಬಂದವರು. ಇವರ ಜೊತೆ, ಬೆಳಗ್ಗೆ ಎದ್ದಾಗ ಬೆರಳು ಊದಿ ಉಂಗುರ ಬಿಗಿಯಾಗಿದೆ, ಮುಷ್ಟಿ ಕಟ್ಟೋಕೆ ಆಗಲ್ಲ, ನಮಸ್ಕಾರ ಮಾಡುವಾಗ ಎರಡೂ ಅಂಗೈ ಬೆರಳು ಪೂರ್ತಿ ಅಂಟೋದಿಲ್ಲ, ಕೈ ಚರ್ಮ ಹಿಡಿದು ಎತ್ತೋಕೆ ಹೋದ್ರೆ ಬರಲ್ಲ, ಇದ್ರ ಮೇಲೆ ಎದೆಯುರಿ ಅಥವಾ ಮೆಟ್ಟಿಲು ಹತ್ತಿದ್ರೆ ಏದುಸಿರು, ಹೀಗೆ ಹೇಳೋ ಹೆಂಗಸು ಬಂದ್ರೆ ನಾನು ಅವತ್ತೇ ಇಂಥ ಕಾಯಿಲೆ ನೋಡೋ ರುಮಟಾಲಜಿಸ್ಟಿಗೆ ಚೀಟಿ ಬರೀತೀನಿ. ಅದು ಸ್ಕ್ಲೆರೋಡರ್ಮಾ ಇರಬಹುದು. ಆ ಕಾಯಿಲೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ರೇನಾಡ್ಸ್ ಇರತ್ತೆ, ಎಷ್ಟೋ ಸಲ ಬೇರೆ ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಮೊದಲೇ ಅದು ಬಂದು ಕೂತಿರತ್ತೆ. ಮೊದಲೇ ಹಿಡಿದ್ರೆ ಶ್ವಾಸಕೋಶ, ಕಿಡ್ನಿ ಮೇಲೆ ಕಣ್ಣಿಟ್ಟಿರಬಹುದು. ಮೈಯ ರೋಗನಿರೋಧಕ ಶಕ್ತಿ ಮೈ ಮೇಲೇ ತಿರುಗಿಬೀಳೋ ಲೂಪಸ್ ಅನ್ನೋ ಕಾಯಿಲೆಯಲ್ಲೂ ರೇನಾಡ್ಸ್ ಬರತ್ತೆ, ಅಲ್ಲಿ ಕೀಲು ನೋವು, ಬಿಸಿಲಿಗೆ ಮುಖದಲ್ಲಿ ಕೆಂಪು, ಬಾಯಿ ಹುಣ್ಣು ಜೊತೆಗಿರತ್ತೆ.

ಗಂಡಸರಲ್ಲಿ ನಾನು ಕೇಳೋ ಮೊದಲ ಪ್ರಶ್ನೆ ಕೆಲಸ ಯಾವುದು ಅಂತ. ಮೆಟ್ರೋ ಕೆಲಸ, ರಸ್ತೆ ಕೆಲಸಕ್ಕೆ ನಮ್ಮ ಕಡೆಯಿಂದ ಬಂದು ಮುಂಬೈ ಪುಣೆ ಗೋವಾದಲ್ಲಿ ಬ್ರೇಕರ್ ಮಷೀನ್ ಹಿಡಿಯೋರು, ಕಲ್ಲು ಕಟ್ಟರ್, ಗ್ರೈಂಡರ್ ಹಿಡಿಯೋರು ಎಷ್ಟು ಜನ ಇದ್ದಾರೆ. ದಿನಗಟ್ಟಲೆ ಆ ನಡುಕ ಕೈಗೆ ಹೊಡೀತಾ ಇದ್ರೆ ವರ್ಷಗಳು ಕಳೆದ ಮೇಲೆ ಬೆರಳಿನ ನಾಳ, ನರ ಎರಡೂ ಕೆಡ್ತಾವೆ. 1918ರಲ್ಲೇ ಅಮೆರಿಕದ ಇಂಡಿಯಾನಾದಲ್ಲಿ ಸುಣ್ಣಕಲ್ಲು ಕೆಲಸದವರ ಕೈ ನೋಡಿ ಆಲಿಸ್ ಹ್ಯಾಮಿಲ್ಟನ್ ಅನ್ನೋ ವೈದ್ಯೆ ಇದನ್ನ ಬರೆದಿದ್ರು, ಇವತ್ತಿಗೂ ನಮ್ಮ ಸೈಟುಗಳಲ್ಲಿ ಇದರ ಬಗ್ಗೆ ಕೇಳೋರಿಲ್ಲ. ಇದರಲ್ಲಿ ಬಿಳಿ ಬಣ್ಣ ತುದಿಯಿಂದ ಶುರುವಾಗಿ ವರ್ಷ ವರ್ಷ ಮೇಲಕ್ಕೆ ಹತ್ತತ್ತೆ, ಮಷೀನಿನ ಭಾರ ಹೆಚ್ಚು ಬೀಳೋ ಕೈಯಲ್ಲಿ ಜಾಸ್ತಿ, ಕೆಲಸ ಇಲ್ಲದಾಗಲೂ ಜೋಮು, ಅಂಗಿ ಗುಂಡಿ ಹಾಕೋಕೆ, ಚಿಲ್ಲರೆ ಎಣಿಸೋಕೆ ಕಷ್ಟ. ಮಷೀನ್ ಬೇಗ ಬಿಟ್ರೆ ಬಣ್ಣ ಬದಲಾಗೋದು ಕಮ್ಮಿ ಆಗಬಹುದು, ಹೋದ ಸ್ಪರ್ಶ ಮಾತ್ರ ಪೂರ್ತಿ ವಾಪಸ್ ಬರೋದು ಕಷ್ಟ. ಮುಕಾದಮನಿಗೆ ಹೇಳಿ ಸರದಿ ಮೇಲೆ ಮಷೀನ್ ಹಿಡಿಯೋದು, ಗಟ್ಟಿಯಾಗಿ ಹಿಂಡಿ ಹಿಡಿಯದೇ ಇರೋದು, ಹಳೇ ಬಿಟ್ ಬದಲಾಯಿಸೋದು, ಇಷ್ಟಾದ್ರೂ ಆಗಬೇಕು. ಮೇಲೆ ಬೀಡಿ, ಗುಟ್ಕಾ ಇದ್ರೆ ನಿಕೋಟಿನ್ ಕೂಡ ನಾಳ ಬಿಗಿಸತ್ತೆ. ಹೆಂಗಸರಲ್ಲಿ ನಾನು ಬಿಡದೇ ಕೇಳೋದು ಮಿಶ್ರಿ, ಮಹಾರಾಷ್ಟ್ರದಲ್ಲಿ ಹಲ್ಲುಜ್ಜೋಕೆ ಬಳಸೋ ಹುರಿದ ತಂಬಾಕಿನ ಪುಡಿ. "ನಾನು ತಂಬಾಕ ತಿನ್ನಂಗಿಲ್ರಿ" ಅನ್ನೋ ಅಕ್ಕನೂ ದಿನಕ್ಕೆ ಎರಡು ಮೂರು ಸಲ ಮಿಶ್ರಿ ಉಜ್ಜಿರ್ತಾಳೆ, ಅದು ತಂಬಾಕೇ.

ಇಲ್ಲೊಂದು ಸಣ್ಣ ಮಾತು, ಹಾಲುಣಿಸೋ ತಾಯಂದಿರಲ್ಲಿ ಮೊಲೆತೊಟ್ಟಿಗೂ ಇದೇ ಥರ ಆಗಬಹುದು, ಮಗು ಬಾಯಿ ಬಿಟ್ಟ ಮೇಲೆ ತೊಟ್ಟು ಬೆಳ್ಳಗಾಗಿ ವಿಪರೀತ ನೋವು. ಎಷ್ಟೋ ಸಲ ಇನ್‌ಫೆಕ್ಷನ್ ಅಂತ ಮುಲಾಮು ಹಚ್ಚಿ ಹಚ್ಚಿ ಸುಸ್ತಾಗಿರ್ತಾರೆ. ಮೊದಲಿಂದ ಬೆರಳಿಗೂ ಆಗ್ತಿದ್ರೆ ಡಾಕ್ಟರ್‌ಗೆ ಅದನ್ನ ಹೇಳಿ.

ಇನ್ನು ಕೈ ಕಾಪಾಡೋದು. ಎಲ್ಲರೂ ಮೊದಲು ಗ್ಲೌಸ್ ತರ್ತಾರೆ, ನಾನು ಮೊದಲು ಸ್ವೆಟರ್ ಕೇಳ್ತೀನಿ. ಮೈ ತಣ್ಣಗಾದ್ರೂ ಬೆರಳಿನ ನಾಳ ಮುಚ್ಚತ್ತೆ ಅಂತ ಆಗಲೇ ನೋಡಿದ್ವಲ್ಲ, ಎದೆ, ಹೊಟ್ಟೆ, ಕುತ್ತಿಗೆಗೆ ಗಾಳಿ ಹೊಡೀತಿದ್ರೆ ಎಷ್ಟು ದಪ್ಪ ಗ್ಲೌಸ್ ಹಾಕಿದ್ರೂ ಬೆರಳು ಬೆಳ್ಳಗಾಗತ್ತೆ. ಗದಗಿನ ಹುಡುಗಿ ಪುಣೆಯ ಎಲ್ಲಾ ಹುಡುಗಿಯರ ಹಾಗೆ ಮುಖಕ್ಕೆ ಸ್ಕಾರ್ಫ್ ಸುತ್ತಿ, ಕೈಗೆ ಬಿಸಿಲಿಗೆ ಹಾಕೋ ತೆಳು ಕಾಟನ್ ಕೈಗವಸು ಹಾಕ್ಕೊಂಡು, ಟಾಪ್ ಮೇಲೆ ಬರೀ ಓಢಣಿ ಹೊದ್ದು ಹೋಗ್ತಿದ್ಲು. ಆ ಕಾಟನ್ ಬಿಸಿಲಿಗೆ ಸರಿ, ಗಾಳಿಯನ್ನ ಒಂದಿಷ್ಟೂ ತಡೆಯಲ್ಲ. ಸ್ಕೂಟರ್ ಮೇಲೆ ಹೋಗುವಾಗ ಚರ್ಮದ ಸುತ್ತ ಇರೋ ಬೆಚ್ಚನೆ ಗಾಳಿಯನ್ನ ಎದುರುಗಾಳಿ ಕಿತ್ಕೊಂಡು ಹೋಗ್ತಾನೇ ಇರತ್ತೆ, ಮೇಲೆ ಬ್ರೇಕ್ ಲಿವರಿನ ಲೋಹ ಬೆರಳಿನ ಶಾಖ ಎಳೀತಾ ಇರತ್ತೆ. ಅವಳು ಮಾಡಿದ್ದಿಷ್ಟು: ಒಳಗೆ ಒಂದು ಥರ್ಮಲ್, ಮೇಲೆ ಕುತ್ತಿಗೆವರೆಗೂ ಚೈನ್ ಇರೋ ವಿಂಡ್‌ಚೀಟರ್, ಕೈಗೆ ಒಳಗೆ ತೆಳು ಉಣ್ಣೆ ಗ್ಲೌಸ್, ಅದರ ಮೇಲೆ ಗಾಳಿ ನೀರು ತಡೆಯೋ ಬೈಕ್ ಗ್ಲೌಸ್ ಒಂದು ಸೈಜ್ ದೊಡ್ಡದು. ಸೈಜ್ ದೊಡ್ಡದು ಯಾಕಂದ್ರೆ ಬಿಗಿ ಗ್ಲೌಸ್ ಬೆರಳನ್ನ ಒತ್ತತ್ತೆ, ಒಳಗೆ ಬೆಚ್ಚನೆ ಗಾಳಿ ನಿಲ್ಲೋಕೆ ಜಾಗವೂ ಇರಲ್ಲ. ಗಾಡಿ ಓಡಿಸದವರಿಗೆ ನಾಲ್ಕೂ ಬೆರಳು ಒಟ್ಟಿಗೆ ಇರೋ ಗ್ಲೌಸೇ ಒಳ್ಳೇದು, ಬೆರಳಿಂದ ಬೆರಳಿಗೆ ಶಾಖ ಸಿಗತ್ತೆ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಟೈಮಿಂಗ್. ಗ್ಲೌಸ್ ಮನೆಯೊಳಗೇ, ಕೈ ಇನ್ನೂ ಬೆಚ್ಚಗಿರುವಾಗಲೇ ಹಾಕ್ಕೊಳ್ಳಬೇಕು. ಗ್ಲೌಸ್ ತಾನಾಗಿ ಶಾಖ ಹುಟ್ಟಿಸಲ್ಲ, ಇರೋದನ್ನ ಹಿಡಿದಿಡತ್ತೆ ಅಷ್ಟೇ, ಸಿಗ್ನಲಲ್ಲಿ ನಿಂತಾಗ ಬೆಳ್ಳಗಾದ ಬೆರಳಿಗೆ ಹಾಕಿದ್ರೆ ಒಳಗೆ ಚಳಿಯನ್ನೇ ಹಿಡಿದಿಟ್ಟ ಹಾಗೆ.

ಮುಂಬೈಯವರು, ಗೋವಾದವರು ನಮ್ಮಲ್ಲಿ ಚಳಿಯೇ ಇಲ್ಲ ಅಂತ ಓದೋದು ನಿಲ್ಲಿಸಬೇಡಿ. ಬೆರಳಿಗೆ ಲೆಕ್ಕ ಇರೋದು ಎಷ್ಟು ಡಿಗ್ರಿ ಅನ್ನೋದು ಮಾತ್ರ ಅಲ್ಲ, ಎಷ್ಟು ಬೇಗ ಬದಲಾಯ್ತು ಅನ್ನೋದೂ. ಪ್ಲಾಟ್‌ಫಾರ್ಮಲ್ಲಿ ಬೆವರಿ, ಮಳೆಗೆ ನೆಂದು, ಹಾಗೇ ಏಸಿ ಲೋಕಲ್ಲಿಗೆ ಹತ್ತಿ ಮೇಲಿನ ತಣ್ಣನೆ ಕಂಬಿ ಹಿಡಿದ್ರೆ ಜುಲೈ ತಿಂಗಳಲ್ಲೂ ಬರತ್ತೆ. ಬ್ಯಾಗಲ್ಲಿ ಒಂದು ಒಣಗಿದ ಶರ್ಟ್ ಅಥವಾ ಶಾಲು ಇರಲಿ, ಹತ್ತೋಕೆ ಮೊದಲೇ ಹೊದ್ಕೊಳ್ಳಿ. ಆಫೀಸಲ್ಲಿ ಏಸಿ ಗಾಳಿ ನೇರ ಮೇಲೆ ಬೀಳೋ ಸೀಟಿದ್ರೆ ಸೀಟ್ ಬದಲಾಯಿಸಿ ಅಂತ ಕೇಳಿ, ನಾನು ಇದಕ್ಕೆ ಲೆಟರ್ ಬರೆದುಕೊಟ್ಟಿದ್ದೂ ಇದೆ. ಹೋಟೆಲ್ ಕಿಚನ್ನಲ್ಲಿ ಫ್ರಿಜ್ಜಿಂದ ತೆಗೆದ ದೋಸೆ ಹಿಟ್ಟು ಕೈಯಲ್ಲಿ ಕಲಸೋರು, ಗೋವಾದ ಜೆಟ್ಟಿಯಲ್ಲಿ ಐಸ್ ಜೊತೆ ಮೀನು ಆರಿಸೋರು, ಇವರಿಗೆ ರಬ್ಬರ್ ಗ್ಲೌಸ್ ಒಂದೇ ಸಾಲಲ್ಲ, ಒಳಗೆ ಒಣ ಗ್ಲೌಸ್ ಬೇಕು, ಅದು ಒದ್ದೆಯಾದ ಕೂಡಲೇ ಬದಲಾಯಿಸೋಕೆ ಇನ್ನೊಂದು ಜೋಡಿ ಬೇಕು. ಮನೆಯಲ್ಲಿ ಪಾತ್ರೆ ತೊಳೆಯೋಕೆ, ತರಕಾರಿ ತೊಳೆಯೋಕೆ ಉಗುರುಬೆಚ್ಚನೆ ನೀರು, ಫ್ರೀಜರಿಂದ ಬಟಾಣಿ ತೆಗೆಯುವಾಗ ಒಂದು ಟವೆಲ್.

ಬಂದೇಬಿಟ್ರೆ ಏನು ಮಾಡೋದು? ಗಾಡಿ ಪಕ್ಕಕ್ಕೆ ನಿಲ್ಲಿಸಿ, ಮೊದಲ ಕೆಲಸ ಅದೇ, ಸ್ಪರ್ಶ ಇಲ್ಲದ ಬೆರಳಲ್ಲಿ ಬ್ರೇಕ್ ನಂಬಬೇಡಿ. ಗಾಳಿ ಇಲ್ಲದ ಕಡೆ ಹೋಗಿ ಎರಡೂ ಕೈ ಕಂಕುಳಲ್ಲಿ ಇಟ್ಕೊಳ್ಳಿ, ಇಲ್ಲಾ ಭುಜದಿಂದ ತೋಳನ್ನ ದೊಡ್ಡದಾಗಿ ಗಿರಗಿರ ತಿರುಗಿಸಿ, ರಕ್ತ ಬೆರಳ ಕಡೆ ತಳ್ಳತ್ತೆ, ನೋಡೋರು ನಗ್ತಾರೆ ನಗಲಿ. ನೀರು ಸಿಕ್ರೆ ಉಗುರುಬೆಚ್ಚಗೆ ಮಾತ್ರ, ಬಿಸಿ ಎಷ್ಟಿದೆ ಅಂತ ಮೊಣಕೈಯಿಂದ ನೋಡಿ, ಬೆರಳಿಂದ ಅಲ್ಲ. ಮರಗಟ್ಟಿದ ಬೆರಳಿಗೆ ಬಿಸಿ ಗೊತ್ತಾಗಲ್ಲ, ಗ್ಯಾಸ್ ಉರಿ ಮೇಲೆ, ಹೀಟರ್ ಮುಂದೆ, ಕುದಿಯೋ ಚಹಾ ಗ್ಲಾಸಿಗೆ ಒತ್ತಿ ಹಿಡಿದು ಬೊಬ್ಬೆ ಬರಿಸ್ಕೊಂಡವರಿದ್ದಾರೆ. ಬೆಚ್ಚಗಾದ ಮೇಲೆ 15-20 ನಿಮಿಷದಲ್ಲಿ ಸಾಮಾನ್ಯವಾಗಿ ಬಣ್ಣ ವಾಪಸ್ ಬರತ್ತೆ. ಬರದೇ ಬೆರಳು ಗಂಟೆಗಟ್ಟಲೆ ಬಿಳಿ ಅಥವಾ ನೀಲಿಯಾಗೇ ಇದ್ದು ನೋವು ಏರ್ತಾ ಹೋದ್ರೆ, ಅಥವಾ ತುದಿ ಕಪ್ಪಾಗ್ತಿದ್ರೆ ಅದು ರೇನಾಡ್ಸ್ ಅಂತ ಮನೆಯಲ್ಲಿ ಕೂರಬೇಡಿ, ನಾಳ ಕಟ್ಟಿಕೊಂಡಿರಬಹುದು, ಅವತ್ತೇ ದೊಡ್ಡ ಆಸ್ಪತ್ರೆ. ಇನ್ನೊಂದು, ದಿನಗಟ್ಟಲೆ ಇರೋ ಕೆಂಪು ಕೆಂಪು ಊತ, ತುರಿಕೆ ಅದು ಚಳಿಗೆ ಬರೋ ಬೇರೆ ತೊಂದರೆ, ಬಣ್ಣ ಬದಲಾಗದೆ ರಾತ್ರಿ ಹೊತ್ತು ಜೋಮು ಹಿಡಿದು ಎಚ್ಚರ ಆಗೋದು ಮಣಿಕಟ್ಟಿನ ನರದ್ದು, ಇವೆರಡನ್ನ ರೇನಾಡ್ಸ್ ಜೊತೆ ಕಲಸಬೇಡಿ.

ಮಾತ್ರೆ ಬೇಕಾಗೋದು ಇದೆಲ್ಲಾ ಮಾಡಿಯೂ ದಿನಾ ಕಾಡ್ತಿದ್ರೆ. ಕೊಡೋದು ಬಿಪಿ ಮಾತ್ರೆಗಳಲ್ಲೇ ಇನ್ನೊಂದು ಗುಂಪಿನವು, ಅಮ್ಲೋಡಿಪಿನ್ ಅಥವಾ ನಿಧಾನಕ್ಕೆ ಕರಗೋ ನಿಫೆಡಿಪಿನ್, ನಾಳದ ಸ್ನಾಯುವನ್ನ ಸಡಿಲ ಮಾಡ್ತಾವೆ. ಒಂದು ಬಿಪಿ ಮಾತ್ರೆ ಬೆರಳು ಬೆಳ್ಳಗೆ ಮಾಡತ್ತೆ, ಇನ್ನೊಂದು ಅದನ್ನೇ ಬಿಡಿಸತ್ತೆ, ಆದ್ದರಿಂದ ಮನೆಯಲ್ಲಿ ಮಾವನ ಬಿಪಿ ಮಾತ್ರೆ ಇದೆ ಅಂತ ತಗೊಳ್ಳೋ ಬುದ್ಧಿವಂತಿಕೆ ಬೇಡ. ಇವು ಬರೋದನ್ನ ಕಮ್ಮಿ ಮಾಡ್ತಾವೆ, ಪೂರ್ತಿ ನಿಲ್ಲಿಸಲ್ಲ. ಪಾದ ಊದೋದು, ತಲೆನೋವು, ಎದ್ದು ನಿಂತಾಗ ತಲೆ ತಿರುಗೋದು ಇರಬಹುದು, ಗರ್ಭಿಣಿ ಆಗೋ ಯೋಚನೆ ಇದ್ರೆ ಮೊದಲೇ ಹೇಳಬೇಕು. ಹುಣ್ಣಾಗೋ ಸೆಕೆಂಡರಿ ಕೇಸುಗಳಿಗೆ ಸಿಲ್ಡೆನಾಫಿಲ್, ಆಸ್ಪತ್ರೆಯಲ್ಲಿ ಡ್ರಿಪ್ಪಲ್ಲಿ ಕೊಡೋ ಇಲೊಪ್ರೋಸ್ಟ್ ಅಂತೆಲ್ಲಾ ಇದೆ, ಅದು ರುಮಟಾಲಜಿಸ್ಟ್ ಕೆಲಸ.

ಹುಡುಗಿಗೆ ಮಾತ್ರೆ ಬದಲಾಗಿ, ಬಟ್ಟೆ ಸರಿಯಾಗಿ, ಸೀಟೂ ಬದಲಾದ ಮೇಲೆ ಆಫೀಸಲ್ಲಿ ಬರೋದು ನಿಂತೇ ಹೋಯ್ತು, ಸ್ಕೂಟರ್ ಮೇಲೆ ಮಾತ್ರ ತೀರಾ ಚಳಿಯ ದಿನ ಒಂದೆರಡು ಬೆರಳಿಗೆ ಬರತ್ತೆ. ಅದಕ್ಕೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಶುರು ಮಾಡೋಣವಾ ಅಂತ ಕೇಳಿದೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಅಷ್ಟೇ ತಗೊಂಡು ಬೇಸಿಗೆಗೆ ನಿಲ್ಲಿಸಬಹುದು ಅಂದೆ. "ಬ್ಯಾಡ್ರಿ, ಆ ದಿನ ಬಸ್ಸಿಗೆ ಹೋಗ್ತೀನಿ" ಅಂದ್ಲು, ಅದೂ ಸರಿಯಾದ ಟ್ರೀಟ್‌ಮೆಂಟೇ.